ಸಣ್ಣ ಕ್ಲಿನಿಕ್‌ನ ರೋಗಿ ದಾಖಲೆ: ಏನು ಬರೆದಿಡಬೇಕು, ಎಷ್ಟು ವರ್ಷ ಇಡಬೇಕು? ಪದೇ ಪದೇ ಕೇಳುವ ಪ್ರಶ್ನೆಗಳು

ಒಬ್ಬಿಬ್ಬರು ಡಾಕ್ಟರ್ ನಡೆಸುವ ಕ್ಲಿನಿಕ್‌ಗಳಿಂದ ಬಂದ ಪ್ರಶ್ನೆಗಳಿವು. ಕೆಲವನ್ನು ಡಾಕ್ಟರ್‌ಗಳೇ ಕೇಳಿದ್ದು, ಜಾಸ್ತಿ ಕೇಳಿದ್ದು ರಿಸೆಪ್ಷನ್‌ನಲ್ಲಿ ಕೂರುವವರು. ಉತ್ತರಗಳು ಕರ್ನಾಟಕದ ಖಾಸಗಿ ಕ್ಲಿನಿಕ್ ಒಂದನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದವು: ಒಬ್ಬರು ಫಿಸಿಷಿಯನ್, ಒಬ್ಬರು ಸ್ತ್ರೀರೋಗ ತಜ್ಞೆ, ಒಂದು ಸ್ಕ್ಯಾನಿಂಗ್ ಮೆಷಿನ್, ಎರಡು ಹಾಸಿಗೆಯ ಡೇ ಕೇರ್.

## ಮೊದಲ ಪ್ರಶ್ನೆಗಳು

"ದಿನಕ್ಕೆ ನಲವತ್ತು ಪೇಷಂಟ್ ನೋಡೋ ಕ್ಲಿನಿಕ್ ನಮ್ಮದು. ಈ ಡೇಟಾ ಕಾನೂನೆಲ್ಲ ದೊಡ್ಡ ಆಸ್ಪತ್ರೆಗಳಿಗೆ ಅಲ್ವಾ?"

ಅಲ್ಲ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಹಾಸಿಗೆಗಳ ಲೆಕ್ಕ ನೋಡುವುದಿಲ್ಲ. ರೋಗಿಯ ವಿವರ ಕಂಪ್ಯೂಟರ್‌ನಲ್ಲೋ ಮೊಬೈಲ್‌ನಲ್ಲೋ ಇದ್ದರೆ ಸಾಕು, ಅದು ಅನ್ವಯಿಸುತ್ತದೆ. ಕಾಗದದಲ್ಲಿ ಬರೆದು ಆಮೇಲೆ ಸ್ಕ್ಯಾನ್ ಮಾಡಿದರೂ ಅಷ್ಟೇ. ಬರೀ ಕಾಗದದಲ್ಲೇ ಉಳಿದದ್ದು ಮಾತ್ರ ಈ ಕಾಯ್ದೆಯ ಹೊರಗೆ. ಆದರೆ ಅದಕ್ಕೂ ವೈದ್ಯಕೀಯ ಮಂಡಳಿಯ ಗೌಪ್ಯತೆಯ ನಿಯಮ ಇದ್ದೇ ಇದೆ.

ಕಾಯ್ದೆಯ ನಿಯಮಗಳು 2025ರ ನವೆಂಬರ್‌ನಲ್ಲಿ ಹೊರಬಂದವು. ಕ್ಲಿನಿಕ್‌ಗೆ ತಟ್ಟುವ ಮುಖ್ಯ ಭಾಗಗಳು ಅಲ್ಲಿಂದ 18 ತಿಂಗಳಿಗೆ, ಅಂದರೆ 2027ರ ಮೇ ಹೊತ್ತಿಗೆ ಜಾರಿಗೆ ಬರುತ್ತವೆ. ಅದರಲ್ಲಿ ಎರಡು ಮಾತು ನಮಗೆ ಮುಖ್ಯ. ಒಂದು, ಯಾವ ಕೆಲಸಕ್ಕೆ ಕೇಳುತ್ತೀರೋ ಆ ಕೆಲಸಕ್ಕೆ ಬೇಕಾದಷ್ಟೇ ತಗೊಳ್ಳಿ. ಎರಡು, ಕೆಲಸ ಮುಗಿದ ಮೇಲೆ ಅಳಿಸಿ. ಬೇರೆ ಕಾನೂನು ಇಡಬೇಕು ಅಂದರೆ ಮಾತ್ರ ಇಡಿ. ಮೊದಲನೆಯದಕ್ಕೆ ಕಾಯ್ದೆಯಲ್ಲೇ ಕೊಟ್ಟಿರುವ ಉದಾಹರಣೆ ವೈದ್ಯಕೀಯದ್ದೇ: ಟೆಲಿಮೆಡಿಸಿನ್ ಆ್ಯಪ್ ಒಂದು ರೋಗಿಯ ಫೋನ್‌ನ ಕಾಂಟ್ಯಾಕ್ಟ್ ಪಟ್ಟಿಗೂ ಒಪ್ಪಿಗೆ ಕೇಳುತ್ತದೆ, ಆಕೆ ಕೊಟ್ಟೂಬಿಡುತ್ತಾಳೆ. ಆದರೂ ಆ ಒಪ್ಪಿಗೆ ಚಿಕಿತ್ಸೆಯ ಮಾಹಿತಿಗಷ್ಟೇ ಸಲ್ಲುತ್ತದೆ, ಕಾಂಟ್ಯಾಕ್ಟ್ ಪಟ್ಟಿಗೆ ಸಲ್ಲುವುದಿಲ್ಲ. "ಪೇಷಂಟೇ ಸೈನ್ ಹಾಕಿದ್ದಾರಲ್ಲ" ಅನ್ನುವ ಉತ್ತರ ಇನ್ನು ನಡೆಯುವುದಿಲ್ಲ ಅಂತ ಅರ್ಥ.

"ನಾವು ಚೀಟಿ ಬರೆದು ರೋಗಿ ಕೈಗೇ ಕೊಟ್ಟುಬಿಡ್ತೀವಿ. ನಮ್ಮ ಹತ್ರ ಏನೂ ಇರಲ್ಲ. ಇದಕ್ಕಿಂತ ಕಡಿಮೆ ಮಾಹಿತಿ ಇನ್ನೇನಿದೆ?"

ಇದು ಕಡಿಮೆ ಮಾಹಿತಿ ಅಲ್ಲ, ದಾಖಲೆಯೇ ಇಲ್ಲದ ಸ್ಥಿತಿ. ಎರಡು ವರ್ಷದ ನಂತರ ಯಾರಾದರೂ ಗ್ರಾಹಕರ ಆಯೋಗಕ್ಕೆ ಹೋದರೆ, ನೀವು ಪೆನಿಸಿಲಿನ್ ಅಲರ್ಜಿ ಇದೆಯಾ ಅಂತ ಕೇಳಿದ್ದಿರಿ ಅನ್ನುವುದಕ್ಕೆ ನಿಮ್ಮ ಕಡೆ ಒಂದು ಸಾಲೂ ಇರುವುದಿಲ್ಲ. ದಾಖಲೆ ತೋರಿಸದ ಡಾಕ್ಟರ್ ಬಗ್ಗೆ ಆಯೋಗ ಒಳ್ಳೆಯದನ್ನೇನೂ ಊಹಿಸುವುದಿಲ್ಲ.

ಕೇಸ್ ಶೀಟ್ ಇಡಲು ಆಗದಿದ್ದರೆ ಒಂದು ಉದ್ದನೆಯ ಬೈಂಡ್ ಪುಸ್ತಕ ಸಾಕು. ಒಬ್ಬರಿಗೆ ಒಂದೋ ಎರಡೋ ಸಾಲು: ತಾರೀಖು, ನಂಬರ್, ಹೆಸರು, ವಯಸ್ಸು, ತೊಂದರೆ, ನೋಡಿದಾಗ ಕಂಡದ್ದು, ಕೊಟ್ಟ ಔಷಧಿ, "3 ದಿನದಲ್ಲಿ ಕಡಿಮೆ ಆಗದಿದ್ದರೆ ಬನ್ನಿ" ಅನ್ನುವಂಥ ಸೂಚನೆ. ಕಾರ್ಬನ್ ಇಟ್ಟು ಚೀಟಿಯ ನಕಲು ತೆಗೆದರೂ ಆದೀತು. ಫೋನ್ ಅಥವಾ ವಿಡಿಯೋ ಮೂಲಕ ನೋಡಿದ ರೋಗಿಗೆ ಮಾತ್ರ ಆಯ್ಕೆಯೇ ಇಲ್ಲ. 2020ರ ಟೆಲಿಮೆಡಿಸಿನ್ ಮಾರ್ಗಸೂಚಿ ಪ್ರಕಾರ ಆ ಮಾತುಕತೆಯ ದಾಖಲೆ, ಬರೆದ ಔಷಧಿ ಚೀಟಿ ಎಲ್ಲವೂ ಡಾಕ್ಟರ್ ಹತ್ತಿರ ಇರಲೇಬೇಕು.

"ರಿಜಿಸ್ಟ್ರೇಷನ್ ಫಾರಂನಲ್ಲಿ ಏನು ಕೇಳಬೇಕು, ಏನು ತೆಗೆದುಹಾಕಬೇಕು?"

ನಿಮ್ಮ ಈಗಿನ ಫಾರಂ ಎದುರಿಗೆ ಇಟ್ಟುಕೊಳ್ಳಿ. ಪ್ರತಿ ಕಾಲಂ ಪಕ್ಕ ಒಂದೇ ಪ್ರಶ್ನೆ ಬರೆಯಿರಿ: ಕಳೆದ ತಿಂಗಳು ಇದನ್ನು ಯಾರು, ಯಾವುದಕ್ಕೆ ನೋಡಿದರು? ಉತ್ತರ ಸಿಗದ ಕಾಲಂ ಹೊರಗೆ. ಹೀಗೆ ಮಾಡಿದಾಗ ಸಾಮಾನ್ಯವಾಗಿ ಉಳಿಯುವುದು ಹೆಸರು, ಹುಟ್ಟಿದ ವರ್ಷ, ಲಿಂಗ, ಒಂದು ಮೊಬೈಲ್ ನಂಬರ್, ಊರು ಅಥವಾ ಬಡಾವಣೆ, ತುರ್ತಿಗೆ ಒಬ್ಬರ ನಂಬರ್, ಅಲರ್ಜಿ. ಹೋಗುವುದು ಧರ್ಮ, ಜಾತಿ, ಆದಾಯ, ಇಮೇಲ್, ಫೋಟೋ, ಮದುವೆಯ ದಿನ. (ಶುಭಾಶಯದ ಮೆಸೇಜ್ ಕಳಿಸೋಣ ಅಂತ ಯಾರೋ ಸಾಫ್ಟ್‌ವೇರ್‌ನವರು ಸೇರಿಸಿರುತ್ತಾರೆ.)

ಎರಡು ಕಡೆ ಸ್ವಲ್ಪ ಯೋಚಿಸಬೇಕು. ಮಕ್ಕಳಿಗೆ ಹುಟ್ಟಿದ ವರ್ಷ ಸಾಲದು, ಪೂರ್ತಿ ತಾರೀಖು ಬೇಕು. ಲಸಿಕೆಗೆ ಬೇಕು, ಫೈಲ್ ಎಷ್ಟು ವರ್ಷ ಇಡಬೇಕು ಅಂತ ಲೆಕ್ಕ ಹಾಕಲೂ ಬೇಕು. ಇನ್ನೊಂದು ಉದ್ಯೋಗ. ಫಾರಂನಲ್ಲಿ ಎಲ್ಲರನ್ನೂ ಕೇಳುವುದು ವ್ಯರ್ಥ. ಆದರೆ ಕಲ್ಲು ಕ್ವಾರಿಯಲ್ಲಿ ಕೆಲಸ ಮಾಡುವವರು ಕೆಮ್ಮು ಅಂತ ಬಂದರೆ, ತೋಟಕ್ಕೆ ಔಷಧಿ ಹೊಡೆದವರು ವಾಂತಿ ಅಂತ ಬಂದರೆ ಅದೇ ಮುಖ್ಯ ಸುಳಿವು. ಹಾಗಾಗಿ ಉದ್ಯೋಗವನ್ನು ಫಾರಂನಿಂದ ತೆಗೆದು, ಬೇಕಾದಾಗ ಡಾಕ್ಟರೇ ಕೇಸ್ ಶೀಟ್‌ನಲ್ಲಿ ಬರೆಯಲಿ.

ಕಾನೂನು ಕೇಳಿದ್ದನ್ನು ಕಡಿಮೆ ಮಾಡಲು ಹೋಗಬೇಡಿ. ಮೆಡಿಕಲ್ ಸರ್ಟಿಫಿಕೇಟ್ ಕೊಟ್ಟರೆ ಅದರ ರಿಜಿಸ್ಟರ್‌ನಲ್ಲಿ ರೋಗಿಯ ವಿಳಾಸ, ಸಹಿ ಅಥವಾ ಹೆಬ್ಬೆಟ್ಟು, ಕನಿಷ್ಠ ಒಂದು ಗುರುತಿನ ಮಚ್ಚೆ ಇರಬೇಕು, ಸರ್ಟಿಫಿಕೇಟ್‌ನ ಪ್ರತಿಯೂ ಇರಬೇಕು. 2002ರ ವೈದ್ಯಕೀಯ ಮಂಡಳಿ ನಿಯಮ ಹೇಳುವುದು ಅದನ್ನೇ. ಆದರೆ ಅದು ಸರ್ಟಿಫಿಕೇಟ್ ತಗೊಂಡವರಿಗೆ ಮಾತ್ರ. ನೆಗಡಿಗೆ ಬಂದವರ ಮಚ್ಚೆ ನಿಮಗೆ ಬೇಡ.

"ಆಧಾರ್ ಜೆರಾಕ್ಸ್ ಮೊದಲಿಂದಲೂ ತಗೋತಿದ್ದೀವಿ. ಮುಂದುವರಿಸಬಹುದಾ?"

ನಿಲ್ಲಿಸಿ. ಸಾಮಾನ್ಯ ಒಪಿಡಿ ಚಿಕಿತ್ಸೆಗೆ ಆಧಾರ್ ಬೇಕಿಲ್ಲ. ಖಾಸಗಿಯವರು ಆಧಾರ್ ಕೇಳಲು ದಾರಿ ಮಾಡಿದ್ದ ಭಾಗವನ್ನು ಸುಪ್ರೀಂ ಕೋರ್ಟ್ 2018ರ ಸೆಪ್ಟೆಂಬರ್‌ನಲ್ಲೇ ತೆಗೆದುಹಾಕಿತು. ಒಂದೇ ಹೆಸರಿನವರು ಅದಲುಬದಲಾಗುತ್ತಾರೆ ಅನ್ನುವುದು ನಿಮ್ಮ ಚಿಂತೆಯಾದರೆ, ಕ್ಲಿನಿಕ್‌ನ ಸ್ವಂತ ನಂಬರ್ ಬರೆದ ಒಂದು ಚಿಕ್ಕ ಕಾರ್ಡ್ ಕೊಡಿ. ಜೊತೆಗೆ ಮೊಬೈಲ್‌ನ ಕೊನೆಯ ನಾಲ್ಕು ಅಂಕಿ ಕೇಳಿದರೆ ಸಾಕು. ಆಭಾ ನಂಬರ್ ಇದ್ದವರು ಕೊಡಬಹುದು, ಅದೂ ಅವರ ಇಷ್ಟ. ಸರ್ಕಾರಿ ಯೋಜನೆ ಅಥವಾ ಇನ್ಶೂರೆನ್ಸ್ ಕ್ಲೇಮ್‌ಗೆ ಗುರುತಿನ ಚೀಟಿ ಬೇಕಾದರೆ ಅದು ಕ್ಲೇಮ್ ಫೈಲ್‌ಗೆ ಹೋಗಲಿ, ಕೇಸ್ ಶೀಟ್‌ಗೆ ಪಿನ್ ಮಾಡಬೇಡಿ. ಈಗಾಗಲೇ ಇರುವ ಹಳೆ ಜೆರಾಕ್ಸ್‌ಗಳನ್ನು ಫೈಲ್‌ನಿಂದ ಬಿಡಿಸಿ ನಾಶ ಮಾಡಬಹುದು, ಅವಕ್ಕೆ ಕಾಯುವ ಅವಧಿ ಇಲ್ಲ.

## ಎಷ್ಟು ವರ್ಷ ಅನ್ನುವ ಲೆಕ್ಕ

"ಎಲ್ಲದಕ್ಕೂ ಮೂರು ವರ್ಷ ಅಂತಾರೆ. ನಿಜನಾ?"

ಅರ್ಧ ನಿಜ. 2002ರ ನಿಯಮದಲ್ಲಿ ಮೂರು ವರ್ಷ ಅಂತ ಇರುವುದು ಒಳರೋಗಿಗಳ ದಾಖಲೆಗೆ, ಅದೂ ಚಿಕಿತ್ಸೆ ಶುರುವಾದ ದಿನದಿಂದ. ಹೊರರೋಗಿಗಳ ಬಗ್ಗೆ ಅಲ್ಲಿ ಅವಧಿಯೇ ಇಲ್ಲ. ಹಾಗಾಗಿ ಒಪಿಡಿ ದಾಖಲೆಯ ಅವಧಿಯನ್ನು ನೀವೇ ತೀರ್ಮಾನಿಸಿ, ಯಾಕೆ ಅಂತಲೂ ಬರೆದಿಡಬೇಕು. (2023ರ ಆಗಸ್ಟ್‌ನಲ್ಲಿ ಹೊಸ ನಿಯಮ ಬಂದಿತ್ತು. ಅದೇ ತಿಂಗಳು ಅದನ್ನು ತಡೆಹಿಡಿದು 2002ರದ್ದನ್ನೇ ಮತ್ತೆ ಜಾರಿಗೆ ತಂದರು. ಇಂಟರ್ನೆಟ್‌ನಲ್ಲಿ ಹಳೆ ಲೇಖನ ಓದಿದವರಿಗೆ ಇಲ್ಲಿ ಗೊಂದಲ ಆಗುತ್ತದೆ.)

ಅವಧಿ ತೀರ್ಮಾನಿಸುವಾಗ ನೋಡಬೇಕಾದ್ದು ನಿಮ್ಮ ಮೇಲೆ ದೂರು ಎಷ್ಟು ವರ್ಷದವರೆಗೆ ಬರಬಹುದು ಅನ್ನುವುದನ್ನು. ಗ್ರಾಹಕರ ಆಯೋಗಕ್ಕೆ 2 ವರ್ಷ, ಸಿವಿಲ್ ದಾವೆಗೆ ಸಾಮಾನ್ಯವಾಗಿ 3 ವರ್ಷ. ತಕ್ಕ ಕಾರಣ ಕೊಟ್ಟರೆ ಆಯೋಗ ತಡವಾದ ದೂರನ್ನೂ ತಗೊಳ್ಳುತ್ತದೆ. ಹೊಟ್ಟೆಯಲ್ಲಿ ಉಳಿದ ಗಾಜ್ ತುಂಡಿನಂಥ ಪ್ರಕರಣದಲ್ಲಿ ಗೊತ್ತಾದ ದಿನದಿಂದ ಲೆಕ್ಕ ಶುರುವಾಗಬಹುದು. ಇದೆಲ್ಲ ಸೇರಿಸಿ, ದೊಡ್ಡವರ ಒಪಿಡಿ ಫೈಲ್‌ಗೆ ಕೊನೆಯ ಭೇಟಿಯಿಂದ 5 ವರ್ಷ ಅನ್ನುವುದು ನನ್ನ ಸಲಹೆ. ಇದು ಕಾನೂನು ಹೇಳಿದ ಅಂಕಿ ಅಲ್ಲ.

"ಹಾಗಾದ್ರೆ ಗೋಡೆಗೆ ಅಂಟಿಸೋಕೆ ಒಂದು ಪಟ್ಟಿ ಕೊಡ್ತೀರಾ?"

| ದಾಖಲೆ | ಕಾನೂನಿನ ಕನಿಷ್ಠ | ಕ್ಲಿನಿಕ್ ಇಡುವುದು |
|---|---|---|
| ದೊಡ್ಡವರ ಒಪಿಡಿ ಕೇಸ್ ಶೀಟ್ | ಅವಧಿ ಇಲ್ಲ | ಕೊನೆಯ ಭೇಟಿಯಿಂದ 5 ವರ್ಷ |
| ಡೇ ಕೇರ್, ಒಳರೋಗಿ ಫೈಲ್ | ಚಿಕಿತ್ಸೆ ಶುರುವಿನಿಂದ 3 ವರ್ಷ | ಡಿಸ್ಚಾರ್ಜ್‌ನಿಂದ 5 ವರ್ಷ |
| ಮಕ್ಕಳ ಫೈಲ್ | ಅವಧಿ ಇಲ್ಲ | 21 ತುಂಬುವವರೆಗೆ (ಕೆಳಗೆ ನೋಡಿ) |
| ಗರ್ಭಿಣಿ ಸ್ಕ್ಯಾನಿಂಗ್‌ನ ಫಾರಂ ಎಫ್, ಒಪ್ಪಿಗೆ ಪತ್ರ, ಚಿತ್ರಗಳು | 2 ವರ್ಷ | 2 ವರ್ಷ. ಕೇಸ್ ಇದ್ದರೆ ಅದು ಮುಗಿಯುವವರೆಗೆ |
| ಗರ್ಭಪಾತದ ದಾಖಲಾತಿ ರಿಜಿಸ್ಟರ್ | ಆ ಕ್ಯಾಲೆಂಡರ್ ವರ್ಷ ಮುಗಿದ ಮೇಲೆ 5 ವರ್ಷ | ಅಷ್ಟೇ, ಬೀಗದೊಳಗೆ |
| ತೆರಿಗೆಗೆ ಇಡುವ ದಿನದ ಕೇಸ್ ರಿಜಿಸ್ಟರ್ | ಅಸೆಸ್‌ಮೆಂಟ್ ವರ್ಷ ಮುಗಿದ ಮೇಲೆ 6 ವರ್ಷ | ಅಷ್ಟೇ |
| ಸರ್ಟಿಫಿಕೇಟ್ ರಿಜಿಸ್ಟರ್ | ಅವಧಿ ಇಲ್ಲ | 5 ವರ್ಷ |
| ಅಪಾಯಿಂಟ್‌ಮೆಂಟ್ ಪುಸ್ತಕ | ಅವಧಿ ಇಲ್ಲ | 1 ವರ್ಷ |

ಪಟ್ಟಿಯ ಕೆಳಗೆ ಡಾಕ್ಟರ್ ಸಹಿ, ತಾರೀಖು ಇರಲಿ. ಫಾರಂ ಎಫ್‌ನ 2 ವರ್ಷ ಮುಗಿಯಿತು ಅಂತ ಅದೇ ದಿನ ಹರಿಯಬೇಡಿ. ಜಿಲ್ಲಾ ಪ್ರಾಧಿಕಾರದಿಂದ ಏನಾದರೂ ನೋಟಿಸ್ ಬಾಕಿ ಇದೆಯಾ ಅಂತ ಮೊದಲು ನೋಡಿ.

"ತೆರಿಗೆ ರಿಜಿಸ್ಟರ್ ಆರು ವರ್ಷ ಇಡಬೇಕು ಅಂದ್ರೆ ಕೇಸ್ ಶೀಟೂ ಆರು ವರ್ಷ ಇಡಬೇಕಲ್ವಾ?"

ಬೇಡ, ಅವೆರಡನ್ನೂ ಬೇರೆ ಇಟ್ಟಿದ್ದರೆ. 1962ರ ಆದಾಯ ತೆರಿಗೆ ನಿಯಮಗಳ 6ಎಫ್ ಕೇಳುವ ಫಾರಂ 3ಸಿಯಲ್ಲಿ ಇರುವುದು ತಾರೀಖು, ಕ್ರಮಸಂಖ್ಯೆ, ಹೆಸರು, ಯಾವ ಬಗೆಯ ಸೇವೆ, ಫೀಸು, ಅದು ಬಂದ ದಿನ ಇಷ್ಟೇ. ಸೇವೆ ಅಂದರೆ "ಕನ್ಸಲ್ಟೇಷನ್", "ಇಂಜೆಕ್ಷನ್" ಅಂತ ಬರೆದರೆ ಆಯಿತು. ಅಲ್ಲಿ ಕಾಯಿಲೆಯ ಹೆಸರು ಬೇಕಿಲ್ಲ.

ತುಂಬ ಕ್ಲಿನಿಕ್‌ಗಳಲ್ಲಿ ಒಂದೇ ಪುಸ್ತಕದಲ್ಲಿ ಎಡಕ್ಕೆ ಕಾಯಿಲೆ, ಬಲಕ್ಕೆ ಫೀಸು ಬರೆಯುತ್ತಾರೆ. ಆಗ ಆ ಪುಸ್ತಕ ಆಡಿಟರ್ ಕಚೇರಿಗೂ ಹೋಗುತ್ತದೆ, ತೆರಿಗೆಯ ಅವಧಿ ಮುಗಿಯುವ ತನಕ ಕಾಯಿಲೆಯ ವಿವರವೂ ಉಳಿಯುತ್ತದೆ. ಲೆಕ್ಕ ನೋಡಿ: 2021ರ ಆಗಸ್ಟ್‌ನ ಫೀಸು 2021-22ರ ಆದಾಯ. ಅದರ ಅಸೆಸ್‌ಮೆಂಟ್ ವರ್ಷ 2022-23, ಮುಗಿಯುವುದು 2023ರ ಮಾರ್ಚ್ 31ಕ್ಕೆ. ಅಲ್ಲಿಂದ 6 ವರ್ಷ ಅಂದರೆ 2029ರ ಮಾರ್ಚ್ 31. ಕೊನೆಯ ಭೇಟಿ ಅದೇ ಆಗಿದ್ದರೆ ಕೇಸ್ ಶೀಟ್ 2026ರ ಕೊನೆಗೇ ಹೋಗಬಹುದಿತ್ತು. ಎರಡು ಪುಸ್ತಕ ಮಾಡಿದರೆ ಎರಡಕ್ಕೂ ಅದರದರದೇ ಅವಧಿ. 2026ರ ಏಪ್ರಿಲ್ 1ರಿಂದ ಹೊಸ ಆದಾಯ ತೆರಿಗೆ ಕಾಯ್ದೆ ಬಂದಿರುವುದರಿಂದ, ಅದರ ಮುಂದಿನ ವರ್ಷಗಳಿಗೆ ಯಾವ ಫಾರಂ ಅಂತ ಆಡಿಟರ್ ಹತ್ತಿರ ಕೇಳಿಕೊಳ್ಳಿ.

"ಮಕ್ಕಳ ಫೈಲ್ ಯಾಕೆ ಅಷ್ಟು ವರ್ಷ?"

ಮಗುವಿಗೆ ತನ್ನ ಪರವಾಗಿ ದಾವೆ ಹೂಡಲು ಆಗುವುದಿಲ್ಲ. ಅದಕ್ಕೇ 1963ರ ಕಾಲಮಿತಿ ಕಾಯ್ದೆ 18 ತುಂಬಿದ ಮೇಲೆ ಸಮಯ ಕೊಡುತ್ತದೆ, ಹೆಚ್ಚೆಂದರೆ 3 ವರ್ಷ. 18ಕ್ಕೆ 3 ಸೇರಿಸಿದರೆ 21.

ಒಂದು ಫೈಲ್ ತಗೊಂಡು ನೋಡೋಣ. ಹುಡುಗಿ ಹುಟ್ಟಿದ್ದು 2014ರ ಮಾರ್ಚ್ 12. ಕೈಮುರಿತಕ್ಕೆ ಕಟ್ಟು ಹಾಕಿಸಿಕೊಂಡು ಕೊನೆಯ ಸಲ ಬಂದದ್ದು 2021ರ ಆಗಸ್ಟ್‌ನಲ್ಲಿ. ದೊಡ್ಡವರ ಲೆಕ್ಕ ಹಿಡಿದರೆ 2026ಕ್ಕೆ ಫೈಲ್ ಹೋಗಬೇಕು. ಆದರೆ ಅವಳಿಗೆ 18 ತುಂಬುವುದು 2032ರಲ್ಲಿ, 21 ತುಂಬುವುದು 2035ರ ಮಾರ್ಚ್‌ನಲ್ಲಿ. ಮೂಳೆ ಸೊಟ್ಟ ಕೂಡಿದೆ ಅನ್ನುವ ದೂರು ಅಲ್ಲಿಯವರೆಗೂ ಬರಬಹುದು. ಫೈಲ್ 2035ರ ಡಿಸೆಂಬರ್‌ವರೆಗೆ ಇರಬೇಕು.

ಇಲ್ಲಿ ಒಂದು ಸುಲಭದ ದಾರಿ ಇದೆ. 16 ತುಂಬಿದ ಮೇಲೆ ಒಮ್ಮೆ ಬಂದರೂ ಸಾಕು, ಆ ಭೇಟಿಯಿಂದ 5 ವರ್ಷ ಎಣಿಸಿದರೆ 21 ದಾಟಿಬಿಡುತ್ತದೆ. ಅಂಥವರ ಫೈಲ್ ನೇರ ದೊಡ್ಡವರ ಶೆಲ್ಫ್‌ಗೆ ಹೋಗಲಿ. ಬೇರೆ ಲೆಕ್ಕ ಬೇಕಾಗುವುದು 16ರೊಳಗೇ ಬರುವುದು ನಿಲ್ಲಿಸಿದ ಮಕ್ಕಳಿಗೆ ಮಾತ್ರ.

ಜನ ಮರೆಯುವುದು ಹೆರಿಗೆ ಫೈಲನ್ನು. ಅದು ತಾಯಿಯ ಹೆಸರಿನಲ್ಲಿ ಇರುತ್ತದೆ, ಹಾಗಾಗಿ ದೊಡ್ಡವರ ಶೆಲ್ಫ್‌ಗೆ ಹೋಗಿ 5 ವರ್ಷಕ್ಕೆ ಹರಿದುಹೋಗುತ್ತದೆ. ಹೆರಿಗೆ ಸಮಯದಲ್ಲಿ ಮಗುವಿಗೆ ಉಸಿರು ಕಟ್ಟಿತ್ತು ಅಂತ ಮುಂದೆ ದೂರು ಬಂದರೆ ಬೇಕಾಗುವುದು ಅದೇ ಫೈಲ್. ನಿಮ್ಮಲ್ಲಿ ಹೆರಿಗೆ ಆಗುತ್ತಿದ್ದರೆ, ಗರ್ಭಿಣಿ ತಪಾಸಣೆಯ ಹಾಳೆ ಮತ್ತು ಹೆರಿಗೆ ದಾಖಲೆಗೆ ಮಗುವಿನ ಹುಟ್ಟಿದ ದಿನದಿಂದ 21 ವರ್ಷ ಲೆಕ್ಕ ಹಾಕಿ.

"ಎಂಟು ಸಾವಿರ ಫೈಲ್ ಇದೆ. ಯಾವುದರ ಅವಧಿ ಮುಗೀತು ಅಂತ ಒಂದೊಂದೇ ತೆಗೆದು ನೋಡ್ಬೇಕಾ?"

ಬೇಡ. ಫೈಲ್‌ನ ಅಂಚಿಗೆ ವರ್ಷದ ಸ್ಟಿಕ್ಕರ್ ಹಚ್ಚಿ. ವರ್ಷಕ್ಕೊಂದು ಬಣ್ಣ. ರೋಗಿ ಆ ವರ್ಷ ಮೊದಲ ಸಲ ಬಂದಾಗ ರಿಸೆಪ್ಷನ್‌ನಲ್ಲಿ ಹಳೆ ಸ್ಟಿಕ್ಕರ್ ಮೇಲೆ ಹೊಸದನ್ನು ಹಚ್ಚುವುದು, ಅಷ್ಟೇ ಕೆಲಸ. ಆಗ ಶೆಲ್ಫ್‌ನಲ್ಲಿ ಕಾಣುವ ಬಣ್ಣ ಯಾವಾಗಲೂ ಕೊನೆಯ ಭೇಟಿಯ ವರ್ಷವೇ. 2027ರ ಜನವರಿ ಬಂದಾಗ 2021ರ ಬಣ್ಣದವನ್ನು ಎಳೆದು ತೆಗೆದರೆ ಆಯಿತು. 2021ರಲ್ಲಿ ಯಾವ ತಿಂಗಳು ಬಂದಿದ್ದರೂ 2026ರ ಡಿಸೆಂಬರ್‌ಗೆ 5 ವರ್ಷ ತುಂಬಿರುತ್ತದೆ.

ಮಕ್ಕಳ ಶೆಲ್ಫ್ ಬೇರೆ ಮಾಡಿ, ಅಲ್ಲಿ ಹುಟ್ಟಿದ ವರ್ಷದ ಪ್ರಕಾರ ಜೋಡಿಸಿ. ಹುಟ್ಟಿದ ವರ್ಷಕ್ಕೆ 22 ಸೇರಿಸಿದರೆ ತೆಗೆಯುವ ಜನವರಿ ಸಿಗುತ್ತದೆ. 2014ರಲ್ಲಿ ಹುಟ್ಟಿದವರದ್ದು 2036ರ ಜನವರಿ.

ಈ ಪದ್ಧತಿ ಕೆಡುವುದು ಒಂದೇ ಕಡೆ: ಗಡಿಬಿಡಿಯಲ್ಲಿ ಸ್ಟಿಕ್ಕರ್ ಹಚ್ಚದೆ ಫೈಲ್ ಒಳಗಿಟ್ಟಾಗ. ಅದು ಗೊತ್ತಾಗಲು ಎಳೆದ ಫೈಲ್‌ಗಳಲ್ಲಿ ಪ್ರತಿ ಹತ್ತಕ್ಕೆ ಒಂದನ್ನು ತೆರೆದು ಕೊನೆಯ ಹಾಳೆಯ ತಾರೀಖು ನೋಡಿ. ಒಂದೇ ಒಂದು ತಪ್ಪು ಸಿಕ್ಕರೂ ಆ ವರ್ಷದ್ದನ್ನೆಲ್ಲ ತೆರೆದು ನೋಡಲೇಬೇಕು.

"ಜಾಗ ಇದೆ, ಸುಮ್ನೆ ಎಲ್ಲ ಇಟ್ಟುಕೊಂಡ್ರೆ ಏನ್ ನಷ್ಟ?"

ಕಾಗದಕ್ಕಾದರೆ ಗೆದ್ದಲು, ಇಲಿ, ಮಳೆಗಾಲದ ತೇವ. ಕಂಪ್ಯೂಟರ್‌ನಲ್ಲಾದರೆ ನಷ್ಟ ಬೇರೆ ಥರ. ಕಳೆದ ಐದು ವರ್ಷದ ರೋಗಿಗಳ ವಿವರ ಮಾತ್ರ ಇದ್ದ ಲ್ಯಾಪ್‌ಟಾಪ್ ಕಳುವಾದರೆ ಅಷ್ಟು ಜನಕ್ಕೆ ತಿಳಿಸಬೇಕು. ಇಪ್ಪತ್ತು ವರ್ಷದ್ದು ಇದ್ದರೆ ಅಷ್ಟೂ ಜನಕ್ಕೆ. ಹೊಸ ಕಾಯ್ದೆ ಪ್ರಕಾರ ಮಾಹಿತಿ ಸೋರಿದರೆ ದತ್ತಾಂಶ ಸಂರಕ್ಷಣಾ ಮಂಡಳಿಗೂ ಹೇಳಬೇಕು, ಪ್ರತಿಯೊಬ್ಬ ರೋಗಿಗೂ ಹೇಳಬೇಕು. ಭದ್ರತೆಯಲ್ಲಿ ಲೋಪ ಅಂತ ಕಂಡರೆ ದಂಡದ ಗರಿಷ್ಠ ಮಿತಿ 250 ಕೋಟಿ ರೂಪಾಯಿ. ಸಣ್ಣ ಕ್ಲಿನಿಕ್‌ಗೆ ಅಷ್ಟು ಹಾಕುತ್ತಾರೆ ಅಂತ ನನಗೆ ಅನಿಸುವುದಿಲ್ಲ. ಆದರೆ 2009ರಲ್ಲಿ ಒಮ್ಮೆ ಬಂದುಹೋದವರಿಗೆ ಫೋನ್ ಮಾಡಿ "ನಿಮ್ಮ ರಿಪೋರ್ಟ್ ಸೋರಿಹೋಗಿದೆ" ಅಂತ ಹೇಳುವ ಕೆಲಸ ಯಾರಿಗೆ ಬೇಕು?

## ದಿನನಿತ್ಯದ ಸಿಕ್ಕುಗಳು

"ಲ್ಯಾಬ್ ರಿಪೋರ್ಟ್ ಎಲ್ಲ ವಾಟ್ಸಾಪ್‌ನಲ್ಲೇ ಬರುತ್ತೆ. ಅದನ್ನ ಏನ್ ಮಾಡೋದು?"

ಮೊದಲು ಆ ಫೋನ್ ಯಾರದ್ದು ಅಂತ ನೋಡಿ. ರಿಸೆಪ್ಷನ್ ಹುಡುಗಿಯ ಸ್ವಂತ ಫೋನ್ ಆಗಿದ್ದರೆ ರಿಪೋರ್ಟ್‌ಗಳು ಅವಳ ಗ್ಯಾಲರಿಗೆ ಇಳಿಯುತ್ತವೆ, ಅಲ್ಲಿಂದ ಅವಳ ಗೂಗಲ್ ಫೋಟೋಸ್‌ಗೆ ಬ್ಯಾಕಪ್ ಆಗಬಹುದು. ಅವಳು ಕೆಲಸ ಬಿಟ್ಟ ಮೇಲೂ ಅಲ್ಲೇ ಇರುತ್ತವೆ. ಕ್ಲಿನಿಕ್‌ಗೆ ಬೇರೆ ಫೋನ್, ಬೇರೆ ಸಿಮ್ ತಗೊಳ್ಳಿ. ಅದರ ವಾಟ್ಸಾಪ್ ಸೆಟ್ಟಿಂಗ್‌ನಲ್ಲಿ `Media visibility` ಆಫ್ ಮಾಡಿ.

ಆಮೇಲೆ ಒಂದು ರೂಢಿ: ರಿಪೋರ್ಟ್ ಬಂದ ದಿನವೇ ಅದನ್ನು ಫೈಲ್‌ಗೆ ಅಥವಾ ಸಾಫ್ಟ್‌ವೇರ್‌ಗೆ ಸೇರಿಸುವುದು, ವಾರಕ್ಕೊಮ್ಮೆ ಚಾಟ್ ಖಾಲಿ ಮಾಡುವುದು. `Disappearing messages` ಹಾಕಿದರೆ 24 ಗಂಟೆ, 7 ದಿನ ಅಥವಾ 90 ದಿನಕ್ಕೆ ತಾನೇ ಅಳಿಯುತ್ತದೆ. ಆದರೆ ಅದನ್ನು ಒಂದೇ ನಂಬಿಕೊಳ್ಳಬೇಡಿ. ಡಾಕ್ಟರ್ ಚಾಟ್‌ನಲ್ಲೇ ಔಷಧಿ ಹೇಳಿದ್ದರೆ ಅದು ಟೆಲಿಮೆಡಿಸಿನ್ ದಾಖಲೆ. ಫೈಲ್‌ಗೆ ಬರೆಯುವ ಮೊದಲೇ ಅಳಿದರೆ, ಇಡಲೇಬೇಕಾದದ್ದನ್ನು ಕಳೆದುಕೊಂಡಂತೆ.

"ಇಸಿಜಿ ಪೇಪರ್ ಎರಡು ವರ್ಷಕ್ಕೇ ಬಿಳಿ ಆಗಿಹೋಗಿದೆ. ಇಟ್ಟುಕೊಂಡ ಹಾಗೆ ಆಯ್ತಾ?"

ಆಗಲಿಲ್ಲ. ಇಸಿಜಿ ಸುರುಳಿ ಬಿಸಿಗೆ ಕಪ್ಪಾಗುವ ಥರ್ಮಲ್ ಕಾಗದ. ಬಿಸಿಲು, ಸೆಖೆ, ಪ್ಲಾಸ್ಟಿಕ್ ಕವರ್, ಕೆಲವು ಅಂಟುಗಳು ಇದಕ್ಕೆ ಆಗುವುದಿಲ್ಲ. ಸೆಲ್ಲೋಟೇಪ್ ಹಚ್ಚಿದ ಕಡೆ ಗೆರೆ ಮೊದಲು ಮಾಯವಾಗುವುದನ್ನು ನೀವೇ ನೋಡಿರುತ್ತೀರಿ. ತೆಗೆದ ದಿನವೇ ಜೆರಾಕ್ಸ್ ಮಾಡಿ ಅಥವಾ ಸ್ಕ್ಯಾನ್ ಮಾಡಿ, ಮೇಲೆ ಹೆಸರು, ತಾರೀಖು, ಸಮಯ ಪೆನ್ನಿನಲ್ಲಿ ಬರೆಯಿರಿ. ಡಾಕ್ಟರ್ ಓದಿದ್ದನ್ನು ಕೇಸ್ ಶೀಟ್‌ನಲ್ಲೂ ಒಂದು ಸಾಲು ಬರೆದರೆ ಗೆರೆ ಹೋದರೂ ಮಾತು ಉಳಿಯುತ್ತದೆ. ಕಾರ್ಡ್ ಮೆಷಿನ್ ಸ್ಲಿಪ್, ಕೆಲವು ಸ್ಕ್ಯಾನಿಂಗ್ ಪ್ರಿಂಟ್‌ಗಳದ್ದೂ ಇದೇ ಕಥೆ.

"ಅವಧಿ ಮುಗಿದ ಫೈಲ್‌ಗಳನ್ನ ಗುಜರಿಗೆ ಹಾಕಬಹುದಾ? ಕೆಜಿ ಲೆಕ್ಕದಲ್ಲಿ ದುಡ್ಡೂ ಬರುತ್ತೆ."

ಹಾಗೇ ಹಾಕಬೇಡಿ. ರದ್ದಿ ಕಾಗದ ಅಂಗಡಿಗೆ ಹೋಗಿ ಪೊಟ್ಟಣ ಆಗುತ್ತದೆ. ಕಡಲೆಕಾಯಿ ತಿಂದು ಮುಗಿಸಿ ಕಾಗದ ಬಿಡಿಸಿದರೆ ಒಳಗೆ ಯಾರದೋ ಸಕ್ಕರೆ ಪರೀಕ್ಷೆಯ ರಿಪೋರ್ಟ್ ಇರುವುದನ್ನು ಎಷ್ಟೋ ಜನ ನೋಡಿದ್ದಾರೆ. ಮೊದಲು ಚೂರು ಮಾಡಿ, ಆಮೇಲೆ ಗುಜರಿಗೆ ಕೊಡಿ. ಚೂರು ಮಾಡುವ ಮೆಷಿನ್ ತಗೊಳ್ಳುವಾಗ ಉದ್ದುದ್ದ ಪಟ್ಟಿ ಮಾಡುವುದು ಬೇಡ, ಅಡ್ಡಕ್ಕೂ ಕತ್ತರಿಸುವುದು ಬೇಕು. ಉದ್ದ ಪಟ್ಟಿಯಲ್ಲಿ ಹೆಸರಿನ ಸಾಲು ಪೂರ್ತಿ ಓದಲು ಸಿಗುತ್ತದೆ. ಎಕ್ಸ್‌ರೇ ಫಿಲ್ಮ್ ಕೊಳ್ಳುವವರು ಬೇರೆ ಇದ್ದಾರೆ, ಅದರಲ್ಲಿ ಬೆಳ್ಳಿ ಇರುತ್ತದೆ. ಕೊಡುವ ಮೊದಲು ಹೆಸರಿರುವ ಮೂಲೆ ಕತ್ತರಿಸಿ ತೆಗೆಯಿರಿ.

ನಾಶ ಮಾಡಿದ್ದಕ್ಕೆ ಒಂದು ಪುಸ್ತಕ ಇರಲಿ. ಅದರಲ್ಲಿ ಯಾವ ಬಗೆಯ ದಾಖಲೆ, ಯಾವ ವರ್ಷದ್ದು, ಎಷ್ಟು ಫೈಲ್, ಕ್ಲಿನಿಕ್ ನಂಬರ್‌ಗಳು, ಹೇಗೆ ನಾಶ ಮಾಡಿದ್ದು, ತಾರೀಖು, ಇಬ್ಬರ ಸಹಿ. ರೋಗಿಯ ಹೆಸರು, ಕಾಯಿಲೆ ಬರೆಯಬೇಡಿ. ಬರೆದರೆ ನಾಶ ಮಾಡಿದ್ದರ ಅರ್ಥವೇ ಹೋಯಿತು. ಮುಂದೆ ಯಾರಾದರೂ ಫೈಲ್ ಎಲ್ಲಿ ಅಂತ ಕೇಳಿದಾಗ "ಕಳೆದುಹೋಗಿದೆ" ಅನ್ನುವುದಕ್ಕೂ "ಪಟ್ಟಿಯ ಪ್ರಕಾರ ಇಂಥ ದಿನ ನಾಶ ಮಾಡಿದ್ದೇವೆ" ಅನ್ನುವುದಕ್ಕೂ ತುಂಬ ವ್ಯತ್ಯಾಸ.

"ಸಾಫ್ಟ್‌ವೇರ್‌ನಲ್ಲಿ ಡಿಲೀಟ್ ಒತ್ತಿದ್ರೆ ಮುಗೀತಾ?"

ಸಾಮಾನ್ಯವಾಗಿ ಇಲ್ಲ. ಹಲವು ಕ್ಲಿನಿಕ್ ಸಾಫ್ಟ್‌ವೇರ್‌ಗಳಲ್ಲಿ ಡಿಲೀಟ್ ಅಂದರೆ ಪರದೆಯಿಂದ ಮರೆಮಾಡುವುದು ಅಷ್ಟೇ. ಪರೀಕ್ಷೆ ಸುಲಭ: ಒಂದು ಸುಳ್ಳು ರೋಗಿಯ ಹೆಸರು ಹಾಕಿ, ಡಿಲೀಟ್ ಮಾಡಿ, ಆಮೇಲೆ ಪೂರ್ತಿ ಡೇಟಾವನ್ನು ಎಕ್ಸೆಲ್‌ಗೆ ತೆಗೆದು ಆ ಹೆಸರು ಹುಡುಕಿ. ಸಿಕ್ಕರೆ ಕಂಪನಿಯವರ ಹತ್ತಿರ ಪೂರ್ತಿ ಅಳಿಸುವ ದಾರಿ ಕೇಳಿ.

ಇನ್ನೊಂದು ಬ್ಯಾಕಪ್. ಹಳೆ ಬ್ಯಾಕಪ್‌ನಲ್ಲಿ ಆ ರೋಗಿ ಇನ್ನೂ ಇರುತ್ತಾರೆ. ಬ್ಯಾಕಪ್‌ಗಳು 90 ದಿನಕ್ಕೊಮ್ಮೆ ತಿರುಗಿ ಹಳೆಯವು ಅಳಿಯುವ ಹಾಗಿದ್ದರೆ ತೊಂದರೆ ಇಲ್ಲ, ಕಾಯಬಹುದು. ಆದರೆ ನಡುವೆ ಕಂಪ್ಯೂಟರ್ ಕೆಟ್ಟು ಹಳೆ ಬ್ಯಾಕಪ್ ಹಾಕಿದರೆ, ಅಳಿಸಿದವರೆಲ್ಲ ವಾಪಸ್ ಬಂದು ಕೂರುತ್ತಾರೆ, ಯಾರಿಗೂ ಗೊತ್ತಾಗುವುದಿಲ್ಲ. ಅದಕ್ಕೇ ನಾಶದ ಪುಸ್ತಕದಲ್ಲಿ ಕ್ಲಿನಿಕ್ ನಂಬರ್ ಬರೆಯಲು ಹೇಳಿದ್ದು. ಬ್ಯಾಕಪ್ ಹಾಕಿದ ದಿನ ಆ ನಂಬರ್‌ಗಳನ್ನು ನೋಡಿ ಮತ್ತೆ ಅಳಿಸಿ.

ಹಳೆ ವಿಂಡೋಸ್ ಕಂಪ್ಯೂಟರ್ ಮಾರುವಾಗ `Reset this PC` ನಲ್ಲಿ `Remove everything` ಆರಿಸಿ, ಸೆಟ್ಟಿಂಗ್ ಬದಲಿಸಿ `Clean data` ಆನ್ ಮಾಡಿ. ಸುಮ್ಮನೆ ರೀಸೆಟ್ ಮಾಡಿದರೆ ಫೈಲ್‌ಗಳನ್ನು ಹಿಂದಕ್ಕೆ ತೆಗೆಯಬಹುದು. ಸ್ಕ್ಯಾನಿಂಗ್ ಮೆಷಿನ್ ಎಕ್ಸ್‌ಚೇಂಜ್‌ಗೆ ಕೊಡುವಾಗಲೂ ಒಳಗಿನ ಹಾರ್ಡ್ ಡಿಸ್ಕ್ ನೆನಪಿರಲಿ. ವರ್ಷಗಟ್ಟಲೆಯ ಗರ್ಭಿಣಿಯರ ಹೆಸರು, ಚಿತ್ರ ಅದರೊಳಗೇ ಇರುತ್ತವೆ.

"ಪೇಷಂಟ್ ಬಂದು ನನ್ನ ಫೈಲ್ ಪೂರ್ತಿ ಅಳಿಸಿ ಅಂದ್ರೆ?"

ಅವರಿಗೆ ಕೇಳುವ ಹಕ್ಕಿದೆ. ನಿಮಗೂ ಕಾನೂನು ಇಡು ಅಂದದ್ದನ್ನು ಇಡುವ ಬಾಧ್ಯತೆ ಇದೆ. ಒಳರೋಗಿ ಫೈಲ್, ಫಾರಂ ಎಫ್, ತೆರಿಗೆ ರಿಜಿಸ್ಟರ್ ಅಳಿಸಲು ಬರುವುದಿಲ್ಲ, ಅವಧಿ ಹೇಳಿ ಕಳಿಸಿ. ಒಪಿಡಿ ಹಾಳೆಗೆ ಉತ್ತರ ಅಷ್ಟು ಗಟ್ಟಿ ಅಲ್ಲ, ಯಾಕೆಂದರೆ 5 ವರ್ಷ ನಿಮ್ಮದೇ ತೀರ್ಮಾನ. ಅಲ್ಲಿ ನಿಮ್ಮ ಬರೆದಿಟ್ಟ ಕಾರಣ ಕೆಲಸಕ್ಕೆ ಬರುತ್ತದೆ. ಮೆಸೇಜ್ ಕಳಿಸಲು ಇಟ್ಟ ನಂಬರ್, ಫೋಟೋ, ಆಧಾರ್ ಪ್ರತಿ ಇಂಥವನ್ನು ಅವತ್ತೇ ಅಳಿಸಿ, ಅಳಿಸಿದ್ದೇವೆ ಅಂತ ಬರೆದುಕೊಡಿ. ಡಿಜಿಟಲ್ ಮಾಹಿತಿ ಮತ್ತು ಅದರ ಲಾಗ್‌ಗಳನ್ನು ಕನಿಷ್ಠ 1 ವರ್ಷ ಇಡಬೇಕು ಅಂತ 2025ರ ನಿಯಮಗಳಲ್ಲಿ ಇರುವುದರಿಂದ, ಆ ಭಾಗ ಜಾರಿಗೆ ಬಂದ ಮೇಲೆ ಕಂಪ್ಯೂಟರ್‌ನಲ್ಲಿರುವುದಕ್ಕೆ ಆ ಒಂದು ವರ್ಷವನ್ನೂ ಲೆಕ್ಕಕ್ಕೆ ಹಿಡಿಯಿರಿ.

ಕೆಲವರು ಅಳಿಸಿ ಅನ್ನುವುದು ಒಂದೇ ಸಾಲಿನ ಬಗ್ಗೆ: "ಕುಡಿತ ಇದೆ ಅಂತ ಬರೆದಿದ್ದೀರಿ, ನಾನು ಬಿಟ್ಟು ಹತ್ತು ವರ್ಷ ಆಯ್ತು." ಅದಕ್ಕೆ ತಿದ್ದುಪಡಿ ಸಾಕು. ಹಳೆ ಸಾಲಿನ ಮೇಲೆ ಓದಲು ಬರುವ ಹಾಗೆ ಒಂದೇ ಗೆರೆ, ಪಕ್ಕದಲ್ಲಿ ಸರಿಯಾದದ್ದು, ತಾರೀಖು, ಡಾಕ್ಟರ್ ಸಹಿ. ವೈಟ್ನರ್ ಹಚ್ಚಿದರೆ ಕೋರ್ಟ್‌ನಲ್ಲಿ ಆ ಹಾಳೆ ಪೂರ್ತಿ ಅನುಮಾನಕ್ಕೆ ಒಳಗಾಗುತ್ತದೆ.

"ವಕೀಲರ ನೋಟಿಸ್ ಬಂತು, ಅವಧಿ ಮಾತ್ರ ಮುಂದಿನ ತಿಂಗಳಿಗೆ ಮುಗಿಯುತ್ತೆ. ಏನ್ ಮಾಡೋದು?"

ಆ ಫೈಲ್‌ಗೆ ಪಟ್ಟಿ ಅನ್ವಯಿಸುವುದು ಆ ಕ್ಷಣಕ್ಕೆ ನಿಂತಿತು. ಫೈಲ್‌ಗೆ ಕೆಂಪು ಚೀಟಿ ಹಚ್ಚಿ, ಶೆಲ್ಫ್‌ನಿಂದ ತೆಗೆದು ಡಾಕ್ಟರ್ ಬೀರುವಿನಲ್ಲಿಡಿ. ಸಾಫ್ಟ್‌ವೇರ್‌ನಲ್ಲಿ ಆ ನಂಬರ್ ಅಳಿಸದಂತೆ ಗುರುತು ಹಾಕಿ, ಅವರ ವಾಟ್ಸಾಪ್ ಚಾಟ್‌ನ ಪ್ರತಿ ತೆಗೆದಿಡಿ. ಕೇಸ್ ಪೂರ್ತಿ ಮುಗಿದು, ಮೇಲ್ಮನವಿಯ ಸಮಯವೂ ದಾಟಿದ ಮೇಲೆ ಮಾತ್ರ ಚೀಟಿ ತೆಗೆಯುವುದು. ಪೊಲೀಸ್ ಕೇಸ್ ಆದ ಎಂಎಲ್‌ಸಿ ಫೈಲ್‌ಗೆ ಮೊದಲ ದಿನವೇ ಕೆಂಪು ಚೀಟಿ.

ಕೆಂಪು ಚೀಟಿಗೆ ನೋಟಿಸ್‌ವರೆಗೆ ಕಾಯಬೇಡಿ. ರೋಗಿ ಅಥವಾ ಮನೆಯವರು ಬಂದು ಪೂರ್ತಿ ಫೈಲ್‌ನ ನಕಲು ಬೇಕು ಅಂತ ಕೇಳುವುದೇ ಸಾಮಾನ್ಯವಾಗಿ ಮೊದಲ ಸೂಚನೆ. ಕೇಳಿದ ಮೇಲೆ 72 ಗಂಟೆಯೊಳಗೆ ಕೊಡಬೇಕು, ಅದೂ 2002ರ ನಿಯಮವೇ. ಕೊಟ್ಟದ್ದಕ್ಕೆ ಸಹಿ ತಗೊಳ್ಳಿ. ನಕಲು ಕೊಟ್ಟ ಮೇಲೆ ಮೂಲದಲ್ಲಿ ಒಂದಕ್ಷರವೂ ಸೇರಿಸಬೇಡಿ, ಅವರ ಕೈಯಲ್ಲಿ ಹಳೆಯದು ಇರುತ್ತದೆ.

"ಡಾಕ್ಟರ್ ಪ್ರಾಕ್ಟೀಸ್ ನಿಲ್ಲಿಸ್ತಿದ್ದಾರೆ. ಫೈಲ್‌ಗಳು ಯಾರ ಪಾಲು?"

ಬಾಗಿಲು ಮುಚ್ಚಿದರೂ ಅವಧಿ ಮುಚ್ಚುವುದಿಲ್ಲ. ದೂರು ಬಂದರೆ ಬರುವುದು ಆ ಡಾಕ್ಟರ್ ಹೆಸರಿಗೇ. ಅವರು ತೀರಿಕೊಂಡಿದ್ದರೆ ನೋಟಿಸ್ ವಾರಸುದಾರರ ಮನೆಗೆ ಬರಬಹುದು. ಕನಿಷ್ಠ ಒಂದು ತಿಂಗಳ ಮೊದಲು ಬಾಗಿಲಿಗೆ ನೋಟಿಸ್ ಹಚ್ಚಿ: ಇಂಥ ದಿನದವರೆಗೆ ಬಂದು ನಿಮ್ಮ ಫೈಲ್‌ನ ನಕಲು ತಗೊಳ್ಳಿ. ನಿತ್ಯ ಮಾತ್ರೆ ತಗೊಳ್ಳುವವರಿಗೆ ಫೋನ್ ಮಾಡಿಯೇ ಹೇಳಿ. ಮೂಲ ಫೈಲ್‌ಗಳಲ್ಲಿ ಅವಧಿ ಮುಗಿದವನ್ನು ಚೂರು ಮಾಡಿ, ಉಳಿದವನ್ನು ಪೆಟ್ಟಿಗೆಗೆ ತುಂಬಿ, ಪ್ರತಿ ಪೆಟ್ಟಿಗೆಯ ಮೇಲೆ ನಾಶ ಮಾಡಬೇಕಾದ ವರ್ಷ ದೊಡ್ಡದಾಗಿ ಬರೆಯಿರಿ. ಆಗ ಒಳಗೆ ಏನಿದೆ ಅಂತ ಗೊತ್ತಿಲ್ಲದ ಮಗನೋ ಸೊಸೆಯೋ 2031 ಅಂತ ಬರೆದ ಪೆಟ್ಟಿಗೆಯನ್ನು ತೆರೆಯದೆಯೇ ಚೂರು ಮಾಡಿಸಬಹುದು.

ಬೇರೆ ಡಾಕ್ಟರ್ ಕ್ಲಿನಿಕ್ ವಹಿಸಿಕೊಂಡರೆ ಕುರ್ಚಿ ಮೇಜಿನ ಜೊತೆ ಫೈಲೂ ಹೋಗುತ್ತದೆ ಅಂತ ಅಂದುಕೊಳ್ಳಬೇಡಿ. ಯಾವ ವರ್ಷದ ಎಷ್ಟು ಫೈಲ್ ಕೊಟ್ಟಿದ್ದು, ಹಳೆ ಡಾಕ್ಟರ್‌ಗೆ ಬೇಕಾದಾಗ ನೋಡಲು ಸಿಗಬೇಕು, ಪಟ್ಟಿಯ ಪ್ರಕಾರ ನಾಶ ಮಾಡುವವರು ಯಾರು, ಇವಿಷ್ಟನ್ನು ಒಪ್ಪಂದದಲ್ಲೇ ಬರೆಸಿ. ಹೊಸ ಡಾಕ್ಟರ್ ಹತ್ತಿರ ಹೋಗಲು ಇಷ್ಟ ಇಲ್ಲ ಅಂದ ರೋಗಿಯ ಫೈಲ್ ಹಳೆಯವರ ಹತ್ತಿರವೇ ಉಳಿಯಲಿ. ಸಾಫ್ಟ್‌ವೇರ್ ಚಂದಾ ನಿಲ್ಲಿಸುವ ಮೊದಲು ಪೂರ್ತಿ ಡೇಟಾ ಇಳಿಸಿಕೊಂಡು ತೆರೆದು ನೋಡಿ. ಎಷ್ಟೋ ಸಲ ಇಳಿಯುವುದು ಹೆಸರು, ಬಿಲ್ ಮಾತ್ರ. ಡಾಕ್ಟರ್ ಟೈಪ್ ಮಾಡಿದ ಟಿಪ್ಪಣಿ ಬಂದಿದೆಯಾ ಅಂತ ಹತ್ತಾರು ರೋಗಿಗಳದ್ದು ನೋಡಿದ ಮೇಲೆಯೇ ಚಂದಾ ರದ್ದು ಮಾಡಿ, ಕಂಪನಿಯವರು ತಮ್ಮ ಕಡೆ ಅಳಿಸಿದ್ದಕ್ಕೆ ಬರಹದಲ್ಲಿ ಉತ್ತರ ತಗೊಳ್ಳಿ.